ಬಂಡಿ ಹಾಕೋಕೆ ಎಷ್ಟು ಬೇಕು? ಮೊದಲು ಕೆಳಗೆ ಬಗ್ಗಿ ನೋಡಿ

"ಅಕ್ಕಾ, ಸುಮ್ನ ಒಂದು ಬಂಡಿ ಹಾಕಬೇಕಂದ್ರ ಎಷ್ಟು ಖರ್ಚು ಬರ್ತದ? ಎಲ್ಲಿ ಹಾಕಿದ್ರ ಚಲೋ ನಡೀತದ?"

ನನ್ನ ಸುಸಲಾ, ಮಿರ್ಚಿ ಬಂಡಿಗೆ ಬಿದ್ದ ಖರ್ಚು 22 ಸಾವಿರ. ಹಳೆ ಬಂಡಿಗೆ 9 ಸಾವಿರ, ಒಲೆ, ಪೈಪು, ರೆಗ್ಯುಲೇಟರಿಗೆ ಮೂರೂವರೆ, ಕಡಾಯಿ ಪಾತ್ರೆಗಳಿಗೆ ನಾಲ್ಕು, ನೀರಿನ ಸಾಮಾನಿಗೆ ಎರಡೂವರೆ, ಛತ್ರಿಗೆ ಒಂದು, ಮೊದಲ ದಿನದ ಕಿರಾಣಿಗೆ ಎರಡು. ಸಿಲಿಂಡರ್ ಡಿಪಾಸಿಟ್ ಬೇರೆ. ಮನೆ ಸಿಲಿಂಡರ್ ಬಂಡಿಗೆ ತರಬೇಡಿ, ಅದು ತಪ್ಪು, ಸಿಕ್ಕಿಬಿದ್ದರೆ ಸಿಲಿಂಡರೂ ಹೋಗುತ್ತೆ. ಆಯ್ತಲ್ಲ? ಇನ್ನು ಮದುವೆ ಮನೆಯಲ್ಲಿ ಊಟದ ಎಲೆ ಮುಂದೆ ಕೂತಾಗ ನನ್ನನ್ನು ಇದನ್ನು ಕೇಳಬೇಡಿ.

ನನಗೆ ಸಿಟ್ಟು ಬರೋದು ಆ "ಸುಮ್ನ" ಅನ್ನೋ ಮಾತಿಗೆ. ಕಿರಾಣಿ ಅಂಗಡಿ ಯಾರಾದರೂ ಸುಮ್ನೆ ಹಾಕ್ತಾರಾ? ಬಂಡಿ ಮಾತ್ರ ಸುಮ್ನೆ.

ಹೋದ ಬೇಸಿಗೆಯಲ್ಲಿ ಒಬ್ಬ ಹುಡುಗ ಬಂದಿದ್ದ. ಡಿಗ್ರಿ ಮುಗಿಸಿದ್ದಾನೆ, ನಮ್ಮ ದೂರದ ಸಂಬಂಧ. ಮೊಬೈಲ್ ತೆಗೆದು ಕಡಾಯಿಯ ಫೋಟೋ, ಬೋರ್ಡಿನ ಫೋಟೋ, ಮಿರ್ಚಿ ಭಜಿಯ ಫೋಟೋ ಹೊಡೆದ. ಹಿಟ್ಟಿಗೆ ಅಜವಾನ ಎಷ್ಟು ಅಂತ ಬರೆದುಕೊಂಡ. ಒಂದು ತಾಸು ನಿಂತರೂ ಒಮ್ಮೆಯೂ ಬಂಡಿ ಕೆಳಗೆ ಬಗ್ಗಿ ನೋಡಲಿಲ್ಲ. ನನ್ನ ವ್ಯಾಪಾರ ಇರೋದೇ ಅಲ್ಲಿ. ಅಲ್ಲಿ ನೀರಿದೆ.

ನಾನು ಮಾರೋದು ಸುಸಲಾ, ಜೊತೆಗೆ ಎರಡು ಮಿರ್ಚಿ. ಮಿರ್ಚಿ ಕುದಿಯೋ ಎಣ್ಣೆಯಲ್ಲಿ ಬೇಯುತ್ತೆ, ಅದರದ್ದು ಅಷ್ಟು ಚಿಂತೆ ಇಲ್ಲ. ಸುಸಲಾ ಹಾಗಲ್ಲ. ಚುರುಮುರಿ ನೀರಲ್ಲಿ ಅದ್ದಿ, ಹಿಂಡಿ, ಒಗ್ಗರಣೆಗೆ ಹಾಕಿ, ಪುಠಾಣಿ ಹಿಟ್ಟು ಉದುರಿಸಿ ಎರಡು ಸಲ ಕೈಯಾಡಿಸಿದರೆ ಮುಗಿಯಿತು. ಬಿಸಿ ಆಗುತ್ತೆ, ಬೇಯೋದಿಲ್ಲ. ಅಂದರೆ ನೀವು ಅದ್ದಿದ ನೀರನ್ನೇ ಗಿರಾಕಿ ತಿನ್ನುತ್ತಾನೆ, ಹಿಂಡಿದ ಕೈಯನ್ನೂ ತಿನ್ನುತ್ತಾನೆ. ಚುರುಮುರಿ ಒಳ್ಳೆಯದು ಎಲ್ಲಿ ಸಿಗುತ್ತೆ ಅಂತ ನೂರು ಜನ ಕೇಳಿದ್ದಾರೆ. ಯಾವ ನೀರಲ್ಲಿ ಅದ್ದುತ್ತೀ ಅಂತ ಒಬ್ಬರೂ ಕೇಳಿಲ್ಲ. ಅದನ್ನು ಕೇಳಿ, ಹೇಳ್ತೀನಿ.

ಮನೆಯಲ್ಲಿ ಬೆಳಿಗ್ಗೆ ಕುದಿಸಿ, ಮುಚ್ಚಿಟ್ಟು ಆರಿಸಿದ ನೀರು. ಮೊದಲ ತಿಂಗಳು ಕ್ಯಾನ್ ನೀರೇ ಬಳಸುತ್ತಿದ್ದೆ. ಕ್ಯಾನ್ ಅಂದರೆ ಚೊಕ್ಕ ಅನ್ನೋ ಭಾವನೆ ಇತ್ತು. ಆದರೆ ಫಿಲ್ಟರ್ ಮಾಡಿದ ನೀರಲ್ಲಿ ಕ್ಲೋರಿನ್ ಉಳಿದಿರೋದಿಲ್ಲ. ಮುಚ್ಚಳ ತೆಗೆದ ಮೇಲೆ ಒಂದು ಹೊಲಸು ಕೈ ಬಿದ್ದರೆ ಅದನ್ನು ಕಾಯೋರು ಯಾರೂ ಇಲ್ಲ. ಹಾಗಾಗಿ ಕುಡಿಯೋ ನೀರಿಗೂ ಈಗ ನಲ್ಲಿ ಇರೋ ಸ್ಟೀಲ್ ಡ್ರಮ್, ಗ್ಲಾಸ್ ಅದ್ದಿ ತೆಗೆಯೋ ಮಾತೇ ಇಲ್ಲ. ರಾತ್ರಿ ಡ್ರಮ್ ಖಾಲಿ ಮಾಡಿ, ತಿಕ್ಕಿ, ಬೋರಲು ಹಾಕುತ್ತೇನೆ. ಒಳಗೆ ಬೆರಳು ಆಡಿಸಿದಾಗ ಲೋಳೆ ಲೋಳೆ ಜಾರಿದರೆ ನೀರು ಎಷ್ಟು ಸ್ವಚ್ಛ ಇದ್ದರೂ ಉಪಯೋಗ ಇಲ್ಲ, ಮತ್ತೆ ತಿಕ್ಕಬೇಕು.

ಕೈಯಿಂದ ಹಿಂಡೋದನ್ನು ಬಿಟ್ಟೆ. ತೂತಿನ ಬುಟ್ಟಿಯಲ್ಲಿ ಚುರುಮುರಿ ಹಾಕಿ, ಮೇಲೆ ತಟ್ಟೆಯಿಟ್ಟು ಒತ್ತಿದರೆ ಸಾಕು. ಒಂದು ಸಲಕ್ಕೆ ಅರ್ಧ ಕಿಲೋಗಿಂತ ಜಾಸ್ತಿ ಅದ್ದೋದಿಲ್ಲ, ಏಪ್ರಿಲ್ ಬಿಸಿಲಲ್ಲಿ ಹಸಿ ಚುರುಮುರಿ ಬೇಗ ಹುಳಿ ವಾಸನೆ ಹೊಡೆಯುತ್ತೆ. ದುಡ್ಡು ಮಗ ತಗೋತಾನೆ. ಅವನು ಇಲ್ಲದ ದಿನ ಸ್ಕ್ಯಾನರ್. ಸ್ಕ್ಯಾನರ್ ಬಂದು ನನ್ನ ಕೈಗೆ ಆದ ಒಳ್ಳೆಯದು ಸಾಬೂನಿನಿಂದಲೂ ಆಗಿರಲಿಲ್ಲ.

ಈಗ ಲೆಕ್ಕ ನೋಡಿ. ಸಂಜೆಗೆ 80 ಪ್ಲೇಟು ಅಂದುಕೊಳ್ಳಿ. ಕುಡಿಯೋಕೆ 20 ಲೀಟರ್, ಚುರುಮುರಿಗೆ 20, ಕೈ ತೊಳೆಯೋಕೆ 10, ಪ್ಲೇಟು ತೊಳೆಯೋಕೆ ಕಡಿಮೆ ಅಂದರೂ 60. ಒಟ್ಟು 110 ಲೀಟರ್, ಅಂದರೆ 110 ಕಿಲೋ. ಇದನ್ನು ಸೈಕಲ್ ಗಾಲಿಯ ಬಂಡಿ ಮೇಲೆ ಹೇರಿ ತಳ್ಳಿ ನೋಡಿ, ಆಮೇಲೆ ಜಾಗದ ಮಾತು ಆಡೋಣ. ಬಂದ ನೀರಲ್ಲಿ ಮುಕ್ಕಾಲು ಪಾಲು ಹೊಲಸಾಗಿ ಹೊರಗೂ ಹೋಗಬೇಕಲ್ವಾ? ಅದು ಎಲ್ಲಿಗೆ ಹೋಗಬೇಕು?

ನಾನು ಪೆಟ್ಟು ತಿಂದಿದ್ದೇ ಇಲ್ಲಿ. ಕಲಬುರಗಿಯಲ್ಲಿ ಮೊದಲು ನಿಂತಿದ್ದು ಒಂದು ಸಿಟಿ ಬಸ್ ಸ್ಟಾಪಿನ ಹತ್ತಿರ. ಜನ ಅಂದರೆ ಜನ. ಆದರೆ ಅವರ ಕಣ್ಣು ಬಸ್ಸಿನ ಮೇಲೆ, ಮಿರ್ಚಿ ಮೇಲಲ್ಲ. ಎಣ್ಣೆಗೆ ಬಿಟ್ಟ ಮಿರ್ಚಿ ಕೆಂಪಾಗೋ ಹೊತ್ತಿಗೆ ಬಸ್ಸು ಬರುತ್ತಿತ್ತು, ಗಿರಾಕಿ ಹತ್ತಿ ಹೋಗುತ್ತಿದ್ದ. ಅದರ ಮೇಲೆ ರಸ್ತೆಯ ಇಳುಕಲು ಹಿಂದಿನ ಅಂಗಡಿ ಕಡೆಗಿತ್ತು. ನನ್ನ ಬಕೆಟಿನ ನೀರೆಲ್ಲ ಅವರ ಮೆಟ್ಟಿಲ ಕೆಳಗೆ. ಮೂರನೇ ವಾರ ಅಂಗಡಿಯವರು ಹೊರಗೆ ಬಂದು, "ಅಕ್ಕಾರ, ರೊಕ್ಕ ನಿಮಗ, ನಾಲಿ ನಮಗೇನ್ರೀ?" ಅಂದರು. ಉತ್ತರ ಇರಲಿಲ್ಲ. ಅವರು ಹೇಳಿದ್ದು ಸರಿಯೇ ಇತ್ತು, ಆದರೂ ಆ ರಾತ್ರಿ ಮನೆಯಲ್ಲಿ ಅವರನ್ನು ಬೈದೆ.

ಈಗಿನ ಜಾಗಕ್ಕೆ ಬರೋ ಮೊದಲು ಬಂಡಿ ಇಲ್ಲದೆ ಮೂರು ಸಂಜೆ ಹೋಗಿ ನಿಂತಿದ್ದೆ. ಹೋಗೋ ಬರೋರನ್ನು ಎಣಿಸಲಿಲ್ಲ, ಹತ್ತು ನಿಮಿಷ ಸುಮ್ನೆ ನಿಲ್ಲೋರನ್ನು ಎಣಿಸಿದೆ. ಒಂದು ತಂಬಿಗೆ ನೀರು ಚೆಲ್ಲಿ ಯಾವ ಕಡೆ ಹರಿಯುತ್ತೆ ನೋಡಿದೆ. ಬಿಸಿಲು ನೋಡಿದೆ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತೆ, ನಾಲ್ಕೂವರೆಯ ಬಿಸಿಲು ಮುಖಕ್ಕೇ ಹೊಡೆಯುತ್ತೆ. ಹಾಗಾಗಿ ಪಶ್ಚಿಮಕ್ಕೆ ಎತ್ತರದ ಕಟ್ಟಡ ಇರೋ ಜಾಗ ಬೇಕು, ಅದರ ನೆರಳು ನಿಮ್ಮ ಮೇಲೆ ಬೀಳಬೇಕು. ಇದನ್ನು ಛತ್ರಿ ಮಾಡೋದಿಲ್ಲ, ಸಂಜೆ ಬಿಸಿಲು ಛತ್ರಿ ಕೆಳಗಿನಿಂದ ನುಗ್ಗುತ್ತೆ. ಆ ರಸ್ತೆಯಲ್ಲಿ ಬಂಡಿ ನಿಲ್ಲಿಸೋಕೆ ನಿಷೇಧ ಇದೆಯಾ ಅಂತ ಪಾಲಿಕೆಯಲ್ಲೂ ಕೇಳಿದೆ. ಆಹಾರದ ನೋಂದಣಿ ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ ಆಯಿತು, ಅದಕ್ಕೆ ಯಾಕೆ ಹೆದರ್ತೀರೋ ಗೊತ್ತಿಲ್ಲ.

ಜಾಗ ಗಟ್ಟಿ ಮಾಡಿದ್ದು ಮಾತ್ರ ಪಕ್ಕದ ಪಂಚರ್ ಅಂಗಡಿಯ ನಲ್ಲಿ. ಅಲ್ಲಿಯ ಕಾಕಾಗೆ ದಿನಾ ಒಂದು ಪ್ಲೇಟು ಕೊಡುತ್ತೇನೆ. ಅವರು ನೀರೂ ಕೊಡುತ್ತಾರೆ, ರಾತ್ರಿ ಬಂಡಿ ಇಡೋಕೆ ಜಾಗಾನೂ ಕೊಡುತ್ತಾರೆ. ಹೊಲಸು ನೀರು ಮುಚ್ಚಳ ಇರೋ ಡ್ರಮ್ಮಿಗೆ ಹೋಗುತ್ತೆ, ಕೊನೆಗೆ ಅವರ ಬಚ್ಚಲಿಗೆ. ರಸ್ತೆಗೆ ಒಂದು ಹನಿ ಇಲ್ಲ.

ಪ್ಲೇಟು ತೊಳೆಯೋದನ್ನೂ ಬಿಟ್ಟೆ. ಸ್ಟೀಲ್ ಪ್ಲೇಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಕು ಅಂತ ಹೇಳಿದವರಿದ್ದಾರೆ. ಬಿಸಿ ಮಿರ್ಚಿ ಅದರ ಮೇಲೆ ಇಡೋಕೆ ನನಗೆ ಮನಸ್ಸು ಬರಲಿಲ್ಲ. ಪೇಪರಂತೂ ಬೇಡವೇ ಬೇಡ, ಎಣ್ಣೆಗೆ ಅದರ ಮಸಿ ಹತ್ತುತ್ತೆ. ಮುತ್ತುಗದ ಎಲೆಯ ಪತ್ರೋಳಿ ತಂದೆ, ಒಂದಕ್ಕೆ ಎರಡು ರೂಪಾಯಿ. 80 ಪ್ಲೇಟಿಗೆ 160 ರೂಪಾಯಿ ಖರ್ಚು ಹೆಚ್ಚಾಯಿತು, 60 ಲೀಟರ್ ನೀರು ಉಳಿಯಿತು. 30 ರೂಪಾಯಿ ಪ್ಲೇಟಿನಲ್ಲಿ ಎರಡು ಹೋದರೆ ಹೊಟ್ಟೆ ಉರಿಯುತ್ತೆ, ಸುಳ್ಳು ಹೇಳಲ್ಲ. ಆದರೆ 110 ಕಿಲೋ ತಳ್ಳಿದ ಸೊಂಟ ನನ್ನದು.

ಒಂದೇ ತೊಂದರೆ. ಜೂನ್ ಗಾಳಿಗೆ ತಿಂದು ಬಿಟ್ಟ ಪತ್ರೋಳಿ ರಸ್ತೆ ತುಂಬ ಹಾರುತ್ತವೆ, ಹಿಂದೆ ದನ, ದನದ ಹಿಂದೆ ನಾನು. ಸದ್ಯಕ್ಕೆ ಕಸದ ಬುಟ್ಟಿಯೊಳಗೆ ಒಂದು ಕಲ್ಲು ಇಟ್ಟಿದ್ದೇನೆ.