ಪಾಲಕರ ಪತ್ರಕ್ಕೆ ಒಂದು ಕಾಲಂ ಸೇರಿಸಿದ್ದು

ಬನಹಟ್ಟಿಯ ಒಂದು ಖಾಸಗಿ ಶಾಲೆಯಲ್ಲಿ ನಾನು ಐದನೇ ಕ್ಲಾಸಿಗೆ ಗಣಿತ ಕಲಿಸುತ್ತೇನೆ. ಶಾಲೆ ಶುರುವಾಗುವ ಮುಂಚೆ ಹೆಡ್‌ಮೇಡಂ ಸಹಿ ಇರುವ ಪತ್ರವೊಂದು ಪಾಲಕರಿಗೆ ಹೋಗುತ್ತದೆ. ಯಾವ ಪುಸ್ತಕ, ಎಷ್ಟು ನೋಟ್‌ಬುಕ್, ಎಂಥ ಯೂನಿಫಾರ್ಮ್ ಎಂಬ ಪಟ್ಟಿ ಅದು. ವರ್ಷವರ್ಷ ತಾರೀಕು ಮಾತ್ರ ಬದಲಾಗಿ ಅದೇ ಪತ್ರ ಹೋಗುತ್ತಿತ್ತು. ಈ ಸಲ ಮೇಡಂ ನನ್ನನ್ನು ಕರೆದು, ಐದನೇ ಕ್ಲಾಸಿನದನ್ನು ಹೊಸದಾಗಿ ಬರೆಯೋಣ ಅಂದರು.

ಮೊದಲ ಸಾಲಿಗೇ ನಿಂತೆವು. "200 ಪುಟದ ನೋಟ್‌ಬುಕ್ 12." ಯಾಕೆ 12, ಯಾಕೆ ಎಲ್ಲವೂ 200 ಪುಟ? ಕಳೆದ ವರ್ಷದ ಮಕ್ಕಳ ನೋಟ್‌ಬುಕ್ ಒಂದಷ್ಟು ಕಪಾಟಿನಲ್ಲಿದ್ದವು, ತೆಗೆದು ನೋಡಿದೆವು. ಗಣಿತದ್ದು ತುಂಬಿತ್ತು, ಕನ್ನಡದ್ದು ಹೆಚ್ಚುಕಡಿಮೆ ತುಂಬಿತ್ತು. ಪರಿಸರ ಅಧ್ಯಯನದ್ದು ಅರ್ಧಕ್ಕಿಂತ ಜಾಸ್ತಿ ಖಾಲಿ. ಮೌಲ್ಯ ಶಿಕ್ಷಣದಲ್ಲಂತೂ ಮೊದಲ ಕೆಲವು ಪುಟ ಬಿಟ್ಟರೆ ಬಿಳಿ ಹಾಳೆಯೇ. ಆ ಖಾಲಿ ಹಾಳೆಗೂ ಅಪ್ಪ ಅಮ್ಮ ದುಡ್ಡು ಕೊಟ್ಟಿದ್ದರು, ಮಗು ಅದನ್ನು ವರ್ಷಪೂರ್ತಿ ಹೊತ್ತಿತ್ತು.

ಭಾರದ ಲೆಕ್ಕ ಹಾಕಿದೆ. ದೊಡ್ಡ ಸೈಜಿನ 200 ಪುಟದ ನೋಟ್‌ಬುಕ್ ಒಂದು ಸುಮಾರು ಕಾಲು ಕಿಲೋ ತೂಗುತ್ತದೆ. ದಿನಕ್ಕೆ ಐದು ತಂದರೆ ಅದೇ ಒಂದೂಕಾಲು ಕಿಲೋ. ತುಂಬಿದ ನೀರಿನ ಬಾಟಲಿ ಅರ್ಧ ಕಿಲೋ. ಅದರ ಮೇಲೆ ಪಠ್ಯಪುಸ್ತಕ, ಡಬ್ಬಿ, ಮತ್ತೆ ಬ್ಯಾಗಿನದೇ ಭಾರ. ಮೂರರಿಂದ ಐದನೇ ಕ್ಲಾಸಿನ ಮಕ್ಕಳ ಬ್ಯಾಗು ಎರಡರಿಂದ ಮೂರು ಕಿಲೋ ಒಳಗಿರಬೇಕು ಅಂತ 2019ರಲ್ಲೇ ಸರ್ಕಾರ ಸುತ್ತೋಲೆ ಹೊರಡಿಸಿದೆ. ಆ ಮಿತಿ ನಮ್ಮ ಪಟ್ಟಿಯಿಂದಲೇ ದಾಟಿ ಹೋಗುತ್ತಿತ್ತು. ಹಾಗಾಗಿ ಗಣಿತ, ಕನ್ನಡ, ಇಂಗ್ಲಿಷಿಗೆ 200, ಉಳಿದವಕ್ಕೆ 100 ಪುಟ ಅಂತ ಮಾಡಿದೆವು. ತುಂಬಿದ ಮೇಲೆ ಇನ್ನೊಂದು ತಂದರಾಯಿತು. ಅಂಗಡಿಯಲ್ಲಿ 172 ಪುಟದ್ದೂ ಸಿಗುತ್ತದೆ, ಅದನ್ನು ತಂದ ಮಗುವನ್ನು ಬೈದು ವಾಪಸ್ ಕಳಿಸಿದ್ದೂ ಇದೆ. ಅದಕ್ಕೇ "ಸುಮಾರು" ಅನ್ನೋ ಪದ ಸೇರಿಸಿದೆವು.

ಆಮೇಲೆ ಯೂನಿಫಾರ್ಮ್. ಹಳೆ ಪತ್ರದಲ್ಲಿ "ಬಿಳಿ ಶರ್ಟ್, ನೀಲಿ ಪ್ಯಾಂಟ್" ಅಂತ ಇತ್ತು, ಅಷ್ಟೇ. ನಮ್ಮೂರು ನೇಕಾರರ ಊರು. ಇಲ್ಲಿ ಬಟ್ಟೆ ಬಗ್ಗೆ ಹಾಗೆ ಬರೆದರೆ ನಡೆಯುತ್ತಾ? ಫೀ ಕಟ್ಟಲು ಬಂದಿದ್ದ ಒಬ್ಬ ಪಾಲಕರಿಗೆ ಆ ಸಾಲು ತೋರಿಸಿ, ಏನನ್ನಿಸುತ್ತದೆ ಅಂತ ಕೇಳಿದೆ. ಮನೆಯಲ್ಲೇ ಪವರ್‌ಲೂಮ್ ಇಟ್ಟವರು ಅವರು.

"ನೀಲಿ ಅಂದ್ರ ಯಾವ ನೀಲಿರೀ ಸರ? ಪನ್ನಾ ಎಷ್ಟಂತನೂ ಬರದಿಲ್ಲಲ್ರೀ, ಅರಿವಿ ಹೆಂಗ್ ತರೂದು?"

ಮಾತು ಖರೇ ಇತ್ತು. ಪನ್ನಾ ಅಂದರೆ ಬಟ್ಟೆಯ ಅಗಲ. ಐದನೇ ಕ್ಲಾಸಿನ ಹುಡುಗನ ಅರ್ಧ ತೋಳಿನ ಶರ್ಟಿಗೆ 58 ಇಂಚು ಪನ್ನಾದ ಬಟ್ಟೆ ಒಂದು ಮೀಟರ್ ಸಾಕು. ಪನ್ನಾ 36 ಇಂಚಾದರೆ ಒಂದೂವರೆ ಮೀಟರ್ ಹತ್ತಿರ ಬೇಕು. ಇದು ಗೊತ್ತಿಲ್ಲದೆ ಒಂದು ಮೀಟರ್ ಕೊಂಡವರು ಟೇಲರ್ ಹತ್ತಿರ ಹೋದ ಮೇಲೆ ಮತ್ತೆ ಅಂಗಡಿಗೆ ಓಡಬೇಕು. ಅಳತೆ ಎರಡನ್ನೂ ಪತ್ರದಲ್ಲಿ ಬರೆದೆವು. ಪೂರ್ತಿ ಕಾಟನ್ ಆದರೆ ನೀರಿಗೆ ಹಾಕಿ ಒಣಗಿಸಿ ಆಮೇಲೆ ಹೊಲಿಸಿ, ಪ್ಯಾಂಟಿನ ಕೆಳಗೆ ಎರಡು ಇಂಚು ಬಟ್ಟೆ ಒಳಗೆ ಮಡಚಿ ಹೊಲಿಸಿ ಅಂತಲೂ ಸೇರಿಸಿದೆವು. ಬಣ್ಣದ ಫೋಟೋ ವಾಟ್ಸ್ಆ್ಯಪಿನಲ್ಲಿ ಕಳಿಸೋಣ ಅಂತ ಮೇಡಂ ಅಂದರು. ಕಳಿಸಿ ನೋಡಿದರೆ ಅವರ ಫೋನಿನಲ್ಲಿ ಒಂದು ನೀಲಿ, ನನ್ನದರಲ್ಲಿ ಇನ್ನೊಂದು. ಅದನ್ನು ಬಿಟ್ಟು, ಬಟ್ಟೆಯ ಚಿಕ್ಕ ತುಂಡು ಕತ್ತರಿಸಿ ಪ್ರತಿ ಪತ್ರಕ್ಕೂ ಪಿನ್ ಹೊಡೆದೆವು.

ಎಲ್ಲಕ್ಕಿಂತ ಜಾಸ್ತಿ ಮಾತಾಡಿದ್ದು "ಯಾವಾಗ ಬೇಕು" ಅನ್ನೋ ಕಾಲಂ ಬಗ್ಗೆ. ಅದನ್ನು ಹಾಕಲೇಬೇಕು ಅಂತ ನಾನು ಹಟ ಹಿಡಿದೆ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮುಂಗಾರಿನ ಬೀಜ ಗೊಬ್ಬರದ ಖರ್ಚು, ಮಕ್ಕಳ ಫೀ, ಈ ಪಟ್ಟಿ ಮೂರೂ ಒಟ್ಟಿಗೇ ಬರುತ್ತವೆ. ಪಟ್ಟಿಯಲ್ಲಿ ಇದೆ ಅಂದರೆ ಮೊದಲ ದಿನವೇ ಬೇಕು ಅಂತಲೇ ಜನ ಓದುತ್ತಾರೆ, ಸಾಲ ಮಾಡಿಯಾದರೂ ತರುತ್ತಾರೆ. ನಿಜಕ್ಕೂ ಮೊದಲ ವಾರ ಬೇಕಾದದ್ದು ಪಠ್ಯಪುಸ್ತಕದ ಭಾಗ 1, ನಾಲ್ಕು ನೋಟ್‌ಬುಕ್, ಪೆನ್ಸಿಲ್, ರಬ್ಬರ್. ಹೊಸ ಯೂನಿಫಾರ್ಮ್ ಜುಲೈ ಒಂದರಿಂದ ಸಾಕು, ಜೂನಿನಲ್ಲಿ ಟೇಲರ್‌ಗಳಿಗೂ ಪುರಸೊತ್ತಿರಲ್ಲ. ಕಂಪಾಸ್ ಬಾಕ್ಸು ನಾನು ಕೋನಗಳ ಪಾಠ ಶುರು ಮಾಡಿದಾಗ. ಭಾಗ 2 ದಸರಾ ರಜೆ ಮುಗಿದ ಮೇಲೆ. ಪಠ್ಯಪುಸ್ತಕ ಬರುವುದು ತಡವಾದರೂ ಗಾಬರಿ ಬೇಡ, ಪಠ್ಯಪುಸ್ತಕ ಸಂಘದ ವೆಬ್‌ಸೈಟಿನಲ್ಲಿ ಪಿಡಿಎಫ್ ಪುಕ್ಕಟೆ ಸಿಗುತ್ತದೆ ಅಂತ ಕೊನೆಗೆ ಬರೆದೆವು.

ಟೈ ಮಾತ್ರ ತೆಗೆಸಲು ಆಗಲಿಲ್ಲ. ನಮ್ಮ ಕಡೆಯ ಬಿಸಿಲಿಗೆ ಹತ್ತು ವರ್ಷದ ಮಗುವಿನ ಕೊರಳಿಗೆ ಅದು ಯಾಕೆ ಬೇಕು ಅಂತ ಕೇಳಿದೆ. ಅದು ಆಡಳಿತ ಮಂಡಳಿ ತೀರ್ಮಾನಿಸಬೇಕಾದದ್ದು ಅಂದರು ಮೇಡಂ. ಮಂಡಳಿಗೆ ಒಂದು ಅರ್ಜಿ ಬರೆದು ಅವರ ಟೇಬಲ್ ಮೇಲೆ ಇಟ್ಟು ಬಂದಿದ್ದೇನೆ.