ಗುಡ್ಡ ತಗ್ಗಿದರೂ ಕಣಿವೆ ಅಲ್ಲೇ

"ಕಿಣ್ವ ಕ್ರಿಯೆಯನ್ನು ಅಷ್ಟೊಂದು ವೇಗ ಮಾಡುತ್ತೆ ಅಂದಮೇಲೆ, ಕೊನೆಗೆ ಉತ್ಪನ್ನವೂ ಜಾಸ್ತಿ ಸಿಗಬೇಕು ಅಲ್ವಾ?"

ಇಲ್ಲ. ಸಿಗುವುದು ಅಷ್ಟೇ, ಬೇಗ ಸಿಗುತ್ತದೆ. ಇದಕ್ಕೆ ನಾನು ಯಾವಾಗಲೂ ಹಿಡಿಯುವ ಉದಾಹರಣೆ ಟ್ರಯೋಸ್ ಫಾಸ್ಫೇಟ್ ಐಸೋಮರೇಸ್. ಗ್ಲೂಕೋಸ್ ಒಡೆಯುವ ಹಾದಿಯಲ್ಲಿ ಅದು ಡಿಎಚ್‌ಎಪಿ ಎಂಬ ಅಣುವನ್ನು ಜಿಎಪಿ ಮಾಡುತ್ತದೆ, ಜಿಎಪಿಯನ್ನು ಮತ್ತೆ ಡಿಎಚ್‌ಎಪಿಯೂ ಮಾಡುತ್ತದೆ. ಎರಡರಲ್ಲೂ ಪರಮಾಣುಗಳು ಅವೇ, ಒಂದೆರಡು ಹೈಡ್ರೋಜನ್‌ಗಳ ಜಾಗ ಮಾತ್ರ ಬೇರೆ.

ಆ ಜಾಗ ಬದಲಿಸುವುದೇ ಕಷ್ಟ. ಇಂಗಾಲ ತನ್ನ ಪ್ರೋಟಾನನ್ನು ಸುಲಭಕ್ಕೆ ಬಿಡುವುದಿಲ್ಲ. ಬಿಡುತ್ತಾ ಹೋದಂತೆ ಪಕ್ಕದ ಆಮ್ಲಜನಕದ ಮೇಲೆ ಋಣ ವಿದ್ಯುತ್ ತುಂಬಿಕೊಳ್ಳುತ್ತದೆ. ಪ್ರೋಟಾನ್ ಅರ್ಧ ಬಿಟ್ಟು ಅರ್ಧ ಹಿಡಿದಿರುವ ಆ ಗಳಿಗೆಯೇ ಸಂಕ್ರಮಣ ಸ್ಥಿತಿ, ದಾಟಬೇಕಾದ ಶಕ್ತಿಯ ಗುಡ್ಡದ ತುದಿ.

ಕಿಣ್ವದ ಗುಳಿಯಲ್ಲಿ ಈ ಗಳಿಗೆಗೆಂದೇ ಎಲ್ಲ ಸಿದ್ಧವಾಗಿದೆ. ಕಿಣ್ವದ ಅಮೈನೋ ಆಮ್ಲಗಳ ಸರಪಳಿಯಲ್ಲಿ 165ನೆಯದಾದ ಗ್ಲುಟಮೇಟ್ ಪ್ರತ್ಯಾಮ್ಲವಾಗಿ ಪ್ರೋಟಾನನ್ನು ಎಳೆದುಕೊಳ್ಳುತ್ತದೆ. 95ನೇ ಹಿಸ್ಟಿಡಿನ್ ಆಮ್ಲದ ಕೆಲಸ ಮಾಡಿ ಆಮ್ಲಜನಕಕ್ಕೆ ಪ್ರೋಟಾನ್ ಕೊಡುತ್ತದೆ. 12ನೇ ಲೈಸಿನ್‌ನ ಧನ ವಿದ್ಯುತ್ ಆ ಋಣ ವಿದ್ಯುತ್ತನ್ನು ಸಂಭಾಳಿಸುತ್ತದೆ. ಇಲ್ಲಿ ಮುಖ್ಯ ಮಾತು ಒಂದಿದೆ: ಕಿಣ್ವ ಡಿಎಚ್‌ಎಪಿಯನ್ನೇ ಬಿಗಿಯಾಗಿ ಹಿಡಿದುಕೊಂಡರೆ ಪ್ರಯೋಜನವಿಲ್ಲ, ಅಣು ಅಲ್ಲೇ ಕೂತುಬಿಡುತ್ತದೆ. ಎಲ್ಲಕ್ಕಿಂತ ಬಿಗಿ ಹಿಡಿತ ತುದಿಯ ರೂಪದ ಮೇಲೆ ಇರಬೇಕು. ಆಗಲೇ ಗುಡ್ಡ ತಗ್ಗುವುದು.

ಹತ್ತಿರ ಇರುವುದು ಎಷ್ಟು ಮುಖ್ಯ ಅಂತ ತೋರಿಸಿದ ಪ್ರಯೋಗವೊಂದಿದೆ. ಆ ಗ್ಲುಟಮೇಟ್ ಬದಲು ಆಸ್ಪಾರ್ಟೇಟ್ ಇಟ್ಟರು. ಆಮ್ಲದ ಗುಂಪು ಅದೇ, ತೋಳು ಮಾತ್ರ ಒಂದು ಇಂಗಾಲದಷ್ಟು ಗಿಡ್ಡ. ವೇಗ ಸುಮಾರು ಸಾವಿರ ಪಟ್ಟು ಕುಸಿಯಿತು! 25 ಡಿಗ್ರಿಯಲ್ಲಿ ವೇಗ ಹತ್ತು ಪಟ್ಟು ಬದಲಾಗಲು ಗುಡ್ಡದ ಎತ್ತರ ಮೋಲ್‌ಗೆ ಸುಮಾರು 5.7 ಕಿಲೋಜೂಲ್ ಬದಲಾದರೆ ಸಾಕು. ಸಾವಿರ ಪಟ್ಟು ಅಂದರೆ ಸುಮಾರು 17.

ಆದರೆ ಗುಡ್ಡ ಒಂದೇ ಅಲ್ವಾ? ಈ ಕಡೆಯಿಂದ ಹತ್ತಿದರೂ ಆ ಕಡೆಯಿಂದ ಹತ್ತಿದರೂ ತುದಿ ಅದೇ. ಅದು ತಗ್ಗಿದರೆ ಎರಡೂ ದಿಕ್ಕಿನ ವೇಗ ಒಂದೇ ಪ್ರಮಾಣದಲ್ಲಿ ಏರುತ್ತದೆ. ಎರಡು ಕಡೆಯ ಕಣಿವೆಗಳ ಮಟ್ಟ ಮಾತ್ರ ಕಿಣ್ವದ ಕೈಗೆ ಸಿಗುವಂಥದ್ದಲ್ಲ, ಅದು ಆ ಅಣುಗಳದ್ದೇ. ಅಳೆದು ನೋಡಿದರೂ ಹೀಗೇ ಇದೆ. ದ್ರಾವಣದಲ್ಲಿ ಎರಡೂ ಅಣುಗಳು ಕಡಿಮೆ, ಸಮ ಪ್ರಮಾಣದಲ್ಲಿದ್ದಾಗ ಜಿಎಪಿ ಡಿಎಚ್‌ಎಪಿ ಆಗುವ ವೇಗ, ಹಿಂತಿರುಗುವ ವೇಗದ ಸುಮಾರು 20 ಪಟ್ಟು. ಸಮತೋಲನದಲ್ಲಿ ಡಿಎಚ್‌ಎಪಿ ಇರುವುದೂ ಜಿಎಪಿಯ ಸುಮಾರು 20 ಪಟ್ಟು. ಯಾವ ಅಣುವಿನಿಂದ ಶುರು ಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತದೆ.

ಹಾಗಾದರೆ ಜೀವಕೋಶಕ್ಕೆ ಬೇಕಾದ ಜಿಎಪಿ ಸಾಕಷ್ಟು ಸಿಗುವುದು ಹೇಗೆ? ಹಾದಿಯ ಮುಂದಿನ ಕಿಣ್ವ ಅದನ್ನು ತೆಗೆದುಕೊಳ್ಳುತ್ತಲೇ ಇರುತ್ತದೆ. ಜಿಎಪಿ ಖಾಲಿಯಾದಷ್ಟೂ ಡಿಎಚ್‌ಎಪಿ ಈ ಕಡೆ ಬರುತ್ತಿರುತ್ತದೆ.