ಸೋಮವಾರದ ಕಂಬ ಹೇಳಿದ ಸುಳ್ಳು

ಪಿಜಿ ಮಾಲೀಕರಿಗೆ ಅನುಮಾನವೇ ಇರಲಿಲ್ಲ. "ಭಾನುವಾರ ರಾತ್ರಿ ಹುಡುಗೀರು ಹೊರಗಡೆಯಿಂದ ಗೋಬಿ ಮಂಚೂರಿ ತರಿಸ್ಕೊಂಡ್ರು ಮೇಡಮ್. ಸೋಮವಾರ ಎಲ್ಲರಿಗೂ ವಾಂತಿ ಭೇದಿ. ನಮ್ಮ ಅಡುಗೆಮನೇದು ಏನೂ ಇಲ್ಲ."

ಪಕ್ಕದ ರಸ್ತೆಯ ಕ್ಲಿನಿಕ್‌ನ ರಿಜಿಸ್ಟರ್ ಕೂಡ ಅವರ ಪರವಾಗಿಯೇ ಇತ್ತು. ಶುಕ್ರವಾರ 3, ಶನಿವಾರ 5, ಭಾನುವಾರ ಸೊನ್ನೆ, ಸೋಮವಾರ 17. ಗ್ರಾಫಿಗೆ ಹಾಕಿದರೆ ಸೋಮವಾರದ ಮೇಲೆ ಎತ್ತರದ ಕಂಬ. ಒಂದೇ ಊಟ, ಒಂದೇ ಹೊತ್ತು ಎಂದು ಯಾರಾದರೂ ಹೇಳಿಬಿಡಬಹುದು. ಆದರೆ ಭಾನುವಾರ ಆ ಕ್ಲಿನಿಕ್‌ಗೆ ರಜೆ. ರಿಜಿಸ್ಟರ್ ತೋರಿಸುವುದು ಜನ ಡಾಕ್ಟರ ಹತ್ತಿರ ಹೋದ ದಿನವನ್ನು. ಕಾಯಿಲೆ ಹೇಗೆ ಹಬ್ಬಿತು ಎಂದು ತೋರಿಸುವ ಗ್ರಾಫಿಗೆ, ಅಂದರೆ ಎಪಿಡೆಮಿಕ್ ಕರ್ವ್‌ಗೆ, ಬೇಕಾದದ್ದು ಮೊದಲ ಲಕ್ಷಣ ಕಾಣಿಸಿಕೊಂಡ ಹೊತ್ತು.

ಹಾಗಾಗಿ ನಾನೂ ಆರೋಗ್ಯ ಸಹಾಯಕಿಯೂ ರೂಮಿಂದ ರೂಮಿಗೆ ಹೋದೆವು. "ಯಾವಾಗ ಶುರುವಾಯ್ತು?" ಅಂದರೆ "ವೀಕೆಂಡ್‌ನಲ್ಲಿ" ಅನ್ನುತ್ತಾರೆ. "ಮೊದಲನೇ ವಾಂತಿ ಐಪಿಎಲ್ ಮ್ಯಾಚ್ ಮುಗಿಯೋಕೆ ಮುಂಚೆಯಾ, ಆಮೇಲಾ?" ಅಂದರೆ ಗಂಟೆ ಸಮೇತ ಉತ್ತರ ಬರುತ್ತದೆ. ಕ್ಲಿನಿಕ್‌ಗೆ ಹೋಗದೆ ಓಆರ್‌ಎಸ್ ಕುಡಿದು ಮಲಗಿದವರೂ ಹೀಗೆಯೇ ಸಿಕ್ಕರು.

ಊಟದ ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿ ಒಬ್ಬರಿಗೆ ಒಂದು ಚೌಕ ತುಂಬುತ್ತಾ ಹೋದೆ. ಒಂದು ಕಂಬಕ್ಕೆ ಆರು ಗಂಟೆ. ಈ ಅಗಲವನ್ನು ಮನಸ್ಸಿಗೆ ಬಂದಂತೆ ಇಡುವ ಹಾಗಿಲ್ಲ. ರೋಗಾಣು ಹೊಟ್ಟೆ ಸೇರಿದಾಗಿನಿಂದ ಲಕ್ಷಣ ಕಾಣುವವರೆಗಿನ ಅವಧಿಯ ಸುಮಾರು ಕಾಲು ಭಾಗ ಇದ್ದರೆ ಆಕಾರ ಸರಿಯಾಗಿ ಕಾಣುತ್ತದೆ. ಜ್ವರ ಅಷ್ಟಾಗಿ ಇಲ್ಲ, ಜೋರು ವಾಂತಿ, ಒಂದೆರಡು ದಿನದಲ್ಲಿ ಗುಣ. ಲ್ಯಾಬ್ ವರದಿ ಬರುವವರೆಗೆ ನೊರೊವೈರಸ್ ಎಂದೇ ಇಟ್ಟುಕೊಂಡು ಲೆಕ್ಕ ಹಾಕಿದೆವು. ಅದರ ಅವಧಿ 12ರಿಂದ 48 ಗಂಟೆ.

ಈಗ ಮಂಚೂರಿಯನ್ನು ಪರೀಕ್ಷೆಗೆ ಒಡ್ಡಬಹುದು. ಭಾನುವಾರ ರಾತ್ರಿ ಒಂಬತ್ತಕ್ಕೆ ತಿಂದಿದ್ದರೆ ಮೊದಲ ವಾಂತಿ ಸೋಮವಾರ ಬೆಳಗ್ಗೆ ಒಂಬತ್ತರ ಸುಮಾರಿಗೆ, ಕೊನೆಯದು ಮಂಗಳವಾರ ರಾತ್ರಿಯೊಳಗೆ. ಎಲ್ಲರಿಗೂ ಒಂದೇ ಮೂಲದಿಂದ ಒಂದೇ ಹೊತ್ತಿಗೆ ತಗುಲುವ ಪಾಯಿಂಟ್ ಸೋರ್ಸ್ ಎಂದರೆ ಅದೇ: ಗ್ರಾಫ್ ಸರ್ರನೆ ಏರಿ, ನಿಧಾನವಾಗಿ ಇಳಿದು, ಎಲ್ಲ ಚೌಕಗಳೂ ಆ ಒಂದು ಅವಧಿಯೊಳಗೆ ಮುಗಿಯಬೇಕು. ನಮ್ಮ ಹಾಳೆಯಲ್ಲಿ ಮಂಚೂರಿ ಬರುವ ಮೊದಲೇ 22 ಚೌಕ ತುಂಬಿತ್ತು. ಮೊದಲನೆಯದು ಗುರುವಾರ ರಾತ್ರಿಯದು. ಅಲ್ಲಿಂದ ಪ್ರತಿ ಕಂಬದಲ್ಲೂ ಒಂದು, ಎರಡು, ಮೂರು. ಶಿಖರವಿಲ್ಲದ ಗುಡ್ಡ. ಯಾವುದೋ ಮೂಲ ದಿನಗಟ್ಟಲೆ ತೆರೆದೇ ಇದ್ದಾಗ ಹೀಗೆ ಚಪ್ಪಟೆಯಾಗುತ್ತದೆ.

ಒಬ್ಬರಿಂದ ಒಬ್ಬರಿಗೆ ಹರಡಿದ್ದರೆ? ಪುಸ್ತಕದಲ್ಲಿ ಅದಕ್ಕೆ ಅಲೆ ಅಲೆಯಾಗಿ ಏರುವ ಚಿತ್ರ ಬರೆದಿರುತ್ತಾರೆ, ಒಂದೊಂದು ಅಲೆಗೂ ಒಂದು ಅವಧಿಯಷ್ಟು ಅಂತರ. ಇಷ್ಟು ಬೇಗ ಕಾಣಿಸಿಕೊಳ್ಳುವ ರೋಗದಲ್ಲಿ ಎರಡನೇ ಸುತ್ತಿಗೇ ಅಲೆಗಳು ಒಂದರೊಳಗೊಂದು ಕಲಸಿಹೋಗುತ್ತವೆ, ಆಮೇಲೆ ಅದೂ ಚಪ್ಪಟೆಯಾಗಿಯೇ ಕಾಣಬಹುದು. ಇಲ್ಲಿ ಗ್ರಾಫ್ ಒಂದನ್ನೇ ನಂಬಬಾರದು. ಪ್ರತಿ ಚೌಕದೊಳಗೆ ರೂಮ್ ನಂಬರ್ ಬರೆದೆ. ಹರಡುವಿಕೆಯಾಗಿದ್ದರೆ ಮೊದಲು ಒಂದು ರೂಮು, ಆಮೇಲೆ ಅದೇ ರೂಮಿನ ಉಳಿದವರು, ಆಮೇಲೆ ಅದೇ ಮಹಡಿ ಎಂಬ ಜಾಡು ಕಾಣಬೇಕಿತ್ತು. ಇಲ್ಲಿ ಮೊದಲ ಇಪ್ಪತ್ತನಾಲ್ಕು ಗಂಟೆಯಲ್ಲೇ ನಾಲ್ಕೂ ಮಹಡಿ ಬಂದಿದ್ದವು.

ನಾಲ್ಕೂ ಮಹಡಿಗೆ ಸಾಮಾನ್ಯವಾಗಿದ್ದದ್ದು ಸಂಪು. ಬೋರ್‌ವೆಲ್ ಕೈಕೊಟ್ಟು ಬುಧವಾರ ಹೊಸ ಟ್ಯಾಂಕರ್‌ನವರಿಂದ ನೀರು ಹಾಕಿಸಿದ್ದರು. ಮಹಡಿಗೊಂದು ಫಿಲ್ಟರ್ ಇತ್ತು, ಎರಡರಲ್ಲಿ ಯುವಿ ದೀಪವೇ ಉರಿಯುತ್ತಿರಲಿಲ್ಲ. ನಲ್ಲಿ ನೀರಿಗೆ ಕ್ಲೋರಿನ್ ಪರೀಕ್ಷೆಯ ಹನಿ ಹಾಕಿದರೆ ಹಳದಿ ಬಣ್ಣದ ಸುಳಿವೂ ಇಲ್ಲ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು. ಸ್ವಂತ ದುಡ್ಡಲ್ಲಿ ಕ್ಯಾನ್ ತರಿಸಿ ಕುಡಿಯುತ್ತಿದ್ದವರಲ್ಲಿ ಕಾಯಿಲೆ ಬಿದ್ದವಳು ಒಬ್ಬಳೇ, ಅವಳೂ ಹಲ್ಲುಜ್ಜುವುದು ನಲ್ಲಿ ನೀರಲ್ಲೇ.

ಮಂಗಳವಾರ ಮಧ್ಯಾಹ್ನ ಸಂಪು ಖಾಲಿ ಮಾಡಿಸಿ, ಉಜ್ಜಿಸಿ, ಬ್ಲೀಚಿಂಗ್ ಪೌಡರ್ ಹಾಕಿಸಿದೆವು. ಎಲ್ಲರಿಗೂ ಕ್ಯಾನ್ ನೀರು. ಬುಧವಾರ ಬೆಳಗ್ಗೆ ಮತ್ತೆ ಮೂವರು ಮಲಗಿದಾಗ ಮಾಲೀಕರು ಫೋನಿನಲ್ಲಿ ಕೂಗಾಡಿದರು. ಆಗಲೇ ನೀರು ಕುಡಿದಿದ್ದವರ 48 ಗಂಟೆ ಮುಗಿಯುವುದು ಗುರುವಾರ ಮಧ್ಯಾಹ್ನ, ಅಲ್ಲಿಯವರೆಗೆ ಬರುವುದು ಹಳೇ ಲೆಕ್ಕ ಎಂದೆ. ಹಾಗೆಯೇ ಗುರುವಾರ ಬೆಳಗ್ಗೆಗೆ ನಿಂತಿತು.

ಶನಿವಾರ ಮಾತ್ರ ಇನ್ನಿಬ್ಬರು. ಇದು ಹಳೇ ಲೆಕ್ಕಕ್ಕೆ ಸೇರುವುದಿಲ್ಲ. ರೂಮ್ ನಂಬರ್ ನೋಡಿದರೆ ಇಬ್ಬರದೂ ಗುರುವಾರ ಮಲಗಿದವಳ ರೂಮೇ. ಅವಳ ವಾಂತಿ ಒರೆಸಿದ್ದು ಇವರಿಬ್ಬರೇ. ಆ ಎರಡು ಚೌಕಕ್ಕೆ ಬೇರೆ ಬಣ್ಣ ಹಚ್ಚಿದೆ. ಅವು ಒಬ್ಬರಿಂದ ಒಬ್ಬರಿಗೆ ದಾಟಿದವು. ಆಮೇಲೆ ನಮ್ಮ ಮಾತು ಸಂಪಿನದಲ್ಲ, ಆ ಮಹಡಿಯ ಬಾತ್‌ರೂಮಿನದು: ಸ್ಯಾನಿಟೈಸರ್ ಈ ವೈರಸ್‌ಗೆ ಸಾಲದು, ಸೋಪು ಹಾಕಿ ಕೈ ತೊಳೀರಿ, ನೆಲಕ್ಕೆ ಬ್ಲೀಚಿಂಗ್ ಪೌಡರಿನ ನೀರೇ ಆಗಬೇಕು.